ಅಗಲದ ವಿಮಾನ, ಇಕ್ಕಟ್ಟಿನ ಸೀಟು: ದೂರದ ಟಿಕೆಟ್ ತೆಗೆಯುವ ಮೊದಲು ನೋಡಬೇಕಾದದ್ದು

ಅಪ್ಪ ಅಮ್ಮ ಮೊದಲ ಸಲ ಲಂಡನ್ನಿಗೆ, ತಂಗಿಯ ಮನೆಗೆ ಹೋದಾಗ ಟಿಕೆಟ್ ತೆಗೆದದ್ದು ನಾನೇ. ಬದಿಯಡ್ಕ ಪೇಟೆಯಲ್ಲಿ ಏಜೆಂಟರ ಎದುರು ಕೂತು ದರ, ಲಗೇಜು, ನಡುವೆ ಕಾಯುವ ಹೊತ್ತು ಎಲ್ಲವನ್ನೂ ಲೆಕ್ಕ ಹಾಕಿದ್ದೆ. "ದೊಡ್ಡ ಕಂಪೆನಿ ಮಾಷ್ಟ್ರೇ, ದೊಡ್ಡ ವಿಮಾನವೇ ಬರುತ್ತದೆ" ಎಂದರು ಅವರು. ನಾನೂ ಹಾಗೆಯೇ ನಂಬಿದೆ. ಆದರೆ ಮುಂಬೈಯಿಂದ ಏಳು ಗಂಟೆಯ ಮೊದಲ ಹಾರಾಟಕ್ಕೆ ಬಂದು ನಿಂತದ್ದು ಬಜಪೆಯಿಂದ ಮುಂಬೈಗೆ ಹೋಗುವಂಥದ್ದೇ ವಿಮಾನ. ಆಚೆ ಮೂರು, ಈಚೆ ಮೂರು ಸೀಟು, ಮಧ್ಯದಲ್ಲಿ ಒಂದೇ ನಡುದಾರಿ. ಟಿಕೆಟಿನ ಮೇಲೆ ಒಂದು ಕಂಪೆನಿಯ ಹೆಸರಿತ್ತು, ವಿಮಾನ ಹಾರಿಸಿದ್ದು ಅದರ ಜೊತೆಗಾರ ಕಂಪೆನಿ.

ಅಮ್ಮನ ಬಲಗಾಲಿನ ಮಂಡಿಗೆ ಅದರ ಹಿಂದಿನ ವರ್ಷವಷ್ಟೇ ಶಸ್ತ್ರಚಿಕಿತ್ಸೆ ಆಗಿತ್ತು. ಅವರಿಗೆ ಸಿಕ್ಕಿದ್ದು ನಡುವಿನ B ಸೀಟು. ಅಪ್ಪನಿಗೆ ಎರಡು ಗಂಟೆಗೊಮ್ಮೆ ಏಳಲೇಬೇಕು. ಅವರು ಕಿಟಕಿಯ A ಸೀಟಿನಲ್ಲಿ. ಅಪ್ಪ ಎದ್ದಾಗಲೆಲ್ಲ ಅಮ್ಮನೂ ಎದ್ದು, C ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗನನ್ನೂ ಎಬ್ಬಿಸಬೇಕು. ಹಿಂದಿನ ಎರಡು ಶೌಚಾಲಯಗಳ ಎದುರು ಸಾಲು ನಿಂತಿರುತ್ತಿತ್ತು, ನಡುದಾರಿಯಲ್ಲಿ ಊಟದ ಗಾಡಿ ಬಂದರೆ ಅದು ದಾಟುವ ತನಕ ಆಚೆ ಈಚೆ ಹೋಗುವ ಹಾಗಿಲ್ಲ. ಅರ್ಧ ದಾರಿಯಿಂದ ಅಪ್ಪ ನೀರು ಕುಡಿಯುವುದನ್ನೇ ಬಿಟ್ಟರಂತೆ. ಲಂಡನ್ನಿನಲ್ಲಿ ಇಳಿದಾಗ ಅಮ್ಮನ ಕಾಲು ಪಾದದಿಂದ ಮಂಡಿಯವರೆಗೆ ಊದಿತ್ತು.

ಎರಡನೆಯ ಸಲ ಹೋಗುವಾಗ ನಾನು ಟಿಕೆಟಿಗೆ ದುಡ್ಡು ಕಟ್ಟುವ ಮೊದಲು ಎರಡು ಸಂಜೆ ಕೂತು ವಿಮಾನ ಯಾವುದು, ಸೀಟು ಹೇಗಿದೆ ಎಂದು ನೋಡಿದೆ. ಆಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇದೇ ಕ್ರಮದಲ್ಲಿ ನೋಡಿಕೊಟ್ಟಿದ್ದೇನೆ. ಕುಂಬಳೆ, ಪೆರ್ಲ, ಮುಳ್ಳೇರಿಯ ಎಲ್ಲ ಕಡೆಯಿಂದಲೂ ಈಗ ಪ್ರಾಯದ ಅಪ್ಪ ಅಮ್ಮಂದಿರು ಮೊಮ್ಮಕ್ಕಳನ್ನು ನೋಡಲು ದೂರ ದೇಶಗಳಿಗೆ ಹೋಗುತ್ತಿದ್ದಾರೆ. ಅವರಿಗೆ ಟಿಕೆಟ್ ತೆಗೆಯುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಯಾಣವನ್ನು ತುಂಡು ಮಾಡಿ

ಕಾಸರಗೋಡಿನವರಿಗೆ ದೂರದ ಪ್ರಯಾಣ ಒಂದೇ ಹಾರಾಟದಲ್ಲಿ ಮುಗಿಯುವುದಿಲ್ಲ. ಬಜಪೆಯಿಂದಲೋ ಕಣ್ಣೂರಿನ ಮಟ್ಟನ್ನೂರಿನಿಂದಲೋ ಹೊರಟು ಬೆಂಗಳೂರು, ಮುಂಬೈ ಅಥವಾ ಕೊಲ್ಲಿಯ ಯಾವುದಾದರೂ ಊರಿನಲ್ಲಿ ಇಳಿದು ಮತ್ತೆ ಹತ್ತಬೇಕು. ಪ್ರತಿ ತುಂಡಿಗೂ ಬೇರೆ ವಿಮಾನ. ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದು ಪಕ್ಕದಲ್ಲಿ ಎಷ್ಟು ಗಂಟೆ ಎಂದು ನಮೂದಿಸಿ. ಐದು ಗಂಟೆಗಿಂತ ಕಡಿಮೆಯ ತುಂಡುಗಳಿಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮಂಗಳೂರಿನ ರನ್‌ವೇ 2,450 ಮೀಟರ್, ಅದೂ ಗುಡ್ಡದ ನೆತ್ತಿಯ ಮೇಲೆ. ಅಲ್ಲಿಂದ ದುಬೈಗಾಗಲಿ ಅಬುಧಾಬಿಗಾಗಲಿ ಹೋಗುವುದು ಒಂದೇ ನಡುದಾರಿಯ ಸಣ್ಣ ವಿಮಾನಗಳೇ. ಬೇರೆಯದನ್ನು ಹುಡುಕಿ ಫಲವಿಲ್ಲ. ಗಮನ ಇರಬೇಕಾದದ್ದು ಏಳು, ಎಂಟು, ಹತ್ತು ಗಂಟೆಯ ಆ ಒಂದು ಉದ್ದದ ತುಂಡಿನ ಮೇಲೆ.

ಹಾರಿಸುವವರು ಯಾರು, ವಿಮಾನ ಯಾವುದು

ಗೂಗಲ್ ಫ್ಲೈಟ್ಸ್‌ನಲ್ಲಿ ಊರು, ದಿನಾಂಕ ಹಾಕಿ ಹುಡುಕಿದರೆ ಹಾರಾಟಗಳ ಪಟ್ಟಿ ಬರುತ್ತದೆ. ಅಲ್ಲಿ ದರ ನೋಡಿ ಮುಂದೆ ಹೋಗಬೇಡಿ. ಸಾಲಿನ ತುದಿಯಲ್ಲಿರುವ ಬಾಣದ ಗುರುತನ್ನು ಒತ್ತಿದರೆ ಆ ಪ್ರಯಾಣ ಬಿಡಿಸಿಕೊಳ್ಳುತ್ತದೆ. ಪ್ರತಿ ತುಂಡಿನ ಕೆಳಗೆ ಕಂಪೆನಿಯ ಹೆಸರು, ವಿಮಾನದ ಹೆಸರು, ಹಾರಾಟದ ಸಂಖ್ಯೆ ಸಣ್ಣ ಅಕ್ಷರದಲ್ಲಿ ಇರುತ್ತವೆ. Operated by ಎಂಬ ಮಾತು ಇದೆಯೇ ಎಂದು ಹುಡುಕಿ. ಇದ್ದರೆ ನೀವು ದುಡ್ಡು ಕೊಡುವ ಕಂಪೆನಿ ಒಂದು, ಕೂತು ಹೋಗುವ ವಿಮಾನ ಅದರ ಮುಂದೆ ಹೆಸರಿಸಿದ ಇನ್ನೊಂದು ಕಂಪೆನಿಯದು. ನಮ್ಮ ಮೊದಲ ಪ್ರಯಾಣದ ತಪ್ಪು ಇದೇ ಜಾಗದಲ್ಲಿ ಆದದ್ದು. ಟಿಕೆಟಿನಲ್ಲಿ ಆ ಸಾಲು ಇತ್ತು, ನಾನು ಓದಿರಲಿಲ್ಲ.

ಏಜೆಂಟರ ಮೂಲಕ ತೆಗೆಯುವುದಾದರೆ "ದೊಡ್ಡ ವಿಮಾನವೋ" ಎಂದು ಕೇಳಬೇಡಿ. ಅದಕ್ಕೆ ಹೌದು ಎಂಬ ಉತ್ತರವೇ ಬರುವುದು. "ನಿಮ್ಮ ಸ್ಕ್ರೀನಿನಲ್ಲಿ ವಿಮಾನದ ಕೋಡ್ ಏನಿದೆ, ಓದಿ ಹೇಳಿ" ಎಂದು ಕೇಳಿ. ಅವರ ಬುಕಿಂಗ್ ವ್ಯವಸ್ಥೆಯಲ್ಲಿ ಪ್ರತಿ ಹಾರಾಟದ ಸಾಲಿನಲ್ಲೂ ಮೂರು ಅಕ್ಷರದ ಒಂದು ಕೋಡ್ ಇರುತ್ತದೆ. ನಮಗೆ ಹೆಚ್ಚಾಗಿ ಎದುರಾಗುವವು ಇಷ್ಟೇ:

```
ಒಂದು ನಡುದಾರಿ:  320  32N  321  32Q  738  7M8
ಎರಡು ನಡುದಾರಿ:  332  333  788  789  359  77W  388
```

ಮೇಲಿನ ಸಾಲಿನಲ್ಲಿರುವುದು ಏರ್‌ಬಸ್ ಎ320, ಎ321 ಮತ್ತು ಬೋಯಿಂಗ್ 737ರ ಕುಟುಂಬ. ಕೆಳಗಿನದರಲ್ಲಿ ಮೊದಲ ಎರಡು ಏರ್‌ಬಸ್ ಎ330, ಆಮೇಲಿನ ಎರಡು ಬೋಯಿಂಗ್ 787, ನಂತರ ಎ350, ಬೋಯಿಂಗ್ 777, ಕೊನೆಯದು ಎರಡು ಅಂತಸ್ತಿನ ಎ380. ಏಳು ಗಂಟೆಯ ತುಂಡಿನ ಎದುರು 32Q ಕಂಡರೆ ಅದು ಆರು ಸೀಟಿನ ಸಾಲು, ಒಂದೇ ದಾರಿ. ಇದು ಅಪರೂಪವೇನಲ್ಲ. ಎ321ರ ಹೊಸ ಮಾದರಿಗಳು ಮೊದಲಿನವುಗಳಿಗಿಂತ ದೂರ ಹಾರಬಲ್ಲವು. ಹಾಗಾಗಿ ಮೊದಲು ಅಗಲದ ವಿಮಾನವೇ ಹೋಗುತ್ತಿದ್ದ ಕೆಲವು ದಾರಿಗಳಲ್ಲಿ ಈಗ ಇವು ಹಾರುತ್ತವೆ.

ವಿಮಾನದ ಹೆಸರು ಗೊತ್ತಾದರೆ ಸೀಟು ಗೊತ್ತಾದ ಹಾಗಲ್ಲ

ಹೆಚ್ಚಿನವರು ಎರಡು ನಡುದಾರಿಯ ವಿಮಾನ ಎಂದು ಗೊತ್ತಾದೊಡನೆ ಸಮಾಧಾನಪಟ್ಟು ದುಡ್ಡು ಕಟ್ಟಿಬಿಡುತ್ತಾರೆ. ಅಲ್ಲಿ ಒಂದು ನಿಮಿಷ ನಿಲ್ಲಬೇಕು.

ನಮ್ಮಲ್ಲಿ ಓಡುವ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಒಂದೇ ಅಗಲದ ಬಸ್ಸಿನೊಳಗೆ ಕೆಲವರು ಆಚೆ ಎರಡು ಈಚೆ ಎರಡು ಸೀಟು ಹಾಕುತ್ತಾರೆ, ಕೆಲವರು ಆಚೆ ಮೂರು ಈಚೆ ಎರಡು ಹಾಕುತ್ತಾರೆ. ಬಸ್ಸಿನ ಬಾಡಿ ಅದೇ, ಕೂತವರ ಭುಜಕ್ಕೆ ಸಿಗುವ ಜಾಗ ಬೇರೆ. ವಿಮಾನವೂ ಹೀಗೆಯೇ. ಬೋಯಿಂಗಿನವರು ಕೊಡುವುದು ಬಾಡಿ, ಸಾಲಿಗೆ ಎಷ್ಟು ಸೀಟು ಎಂದು ತೀರ್ಮಾನಿಸುವುದು ಕೊಂಡ ಕಂಪೆನಿ.

ಬೋಯಿಂಗ್ 777ರ ಒಳಗಿನ ಅಗಲ ಸುಮಾರು 5.9 ಮೀಟರ್. ಅದರಲ್ಲಿ ಸಾಲಿಗೆ ಒಂಬತ್ತು ಸೀಟು, ಅಂದರೆ 3-3-3 ಹಾಕಿದರೆ ಒಂದೊಂದು ಸೀಟು ಸುಮಾರು 18.5 ಇಂಚು ಅಗಲ ಬರುತ್ತದೆ. ಅದೇ ವಿಮಾನದಲ್ಲಿ 3-4-3 ಎಂದು ಹತ್ತು ಹಾಕಿದರೆ ಸೀಟು 17 ಇಂಚಿನ ಆಸುಪಾಸಿಗೆ ಇಳಿಯುತ್ತದೆ. ಈಗ ಹೆಚ್ಚಿನ ಕಂಪೆನಿಗಳ 777ಗಳಲ್ಲಿ ಹತ್ತೇ. ಬೋಯಿಂಗ್ 787 ಕೂಡ ಹೀಗೆ. ಹೆಚ್ಚಿನವರು ಅದರಲ್ಲಿ 3-3-3 ಹಾಕಿದ್ದಾರೆ, ಸೀಟು 17 ಇಂಚಿಗಿಂತ ಸ್ವಲ್ಪವೇ ಹೆಚ್ಚು. ಜಪಾನ್ ಏರ್‌ಲೈನ್ಸ್ ಮಾತ್ರ ತನ್ನ ಅಂತಾರಾಷ್ಟ್ರೀಯ 787ಗಳಲ್ಲಿ 2-4-2 ಎಂದು ಎಂಟೇ ಸೀಟು ಇಟ್ಟಿದೆ. ಒಂದೇ ಹೆಸರಿನ ಎರಡು ವಿಮಾನಗಳಲ್ಲಿ ಒಂದರಲ್ಲಿ ಪಕ್ಕದವರ ಮೊಣಕೈ ತಾಗುತ್ತದೆ, ಇನ್ನೊಂದರಲ್ಲಿ ತಾಗುವುದಿಲ್ಲ.

ಇನ್ನು ಬಜಪೆಯಲ್ಲಿ ನಾವು ನಿತ್ಯ ನೋಡುವ ಸಣ್ಣ ಏರ್‌ಬಸ್ ಎ320ಯ ಸೀಟು ಸಾಮಾನ್ಯವಾಗಿ 18 ಇಂಚು ಅಗಲ. ಹತ್ತು ಸೀಟಿನ ಸಾಲಿನ 777ಕ್ಕಿಂತ ಒಂದಿಂಚು ಜಾಸ್ತಿ! ಬೋಯಿಂಗ್ 737ರ ಬಾಡಿ ಎ320ಗಿಂತ ಕಿರಿದು, ಹಾಗಾಗಿ ಅದರ ಸೀಟು ಸುಮಾರು 17 ಇಂಚು. ಒಂದಿಂಚು ಅಂದರೆ ಎರಡೂವರೆ ಸೆಂಟಿಮೀಟರ್. ಕೇಳುವಾಗ ಏನೂ ಅಲ್ಲ ಅನ್ನಿಸುತ್ತದೆ. ಅಗಲ ಭುಜದ ಮೂವರು ಒಂದೇ ಸಾಲಿನಲ್ಲಿ ಎಂಟು ಗಂಟೆ ಕೂತರೆ ಗೊತ್ತಾಗುತ್ತದೆ.

ಹಾಗಾದರೆ ಅಗಲದ ವಿಮಾನದಿಂದ ಲಾಭವೇನು ಎಂದು ನಮ್ಮ ಭಾವ ಕೇಳಿದ್ದರು. ಲಾಭ ಖಂಡಿತ ಇದೆ, ಅದು ಸೀಟಿನ ಅಗಲದಲ್ಲಿ ಇಲ್ಲ ಅಷ್ಟೆ. ಎರಡು ನಡುದಾರಿ ಇರುವುದರಿಂದ ಒಂದರಲ್ಲಿ ಊಟದ ಗಾಡಿ ಇದ್ದರೆ ಇನ್ನೊಂದರಲ್ಲಿ ಹೋಗಬಹುದು. ಶೌಚಾಲಯಗಳು ಹೆಚ್ಚು, ಅವು ಮುಂದೆ, ನಡುವೆ, ಹಿಂದೆ ಎಂದು ಹಂಚಿಕೊಂಡಿರುತ್ತವೆ. ಸುಮಾರು 180 ಸೀಟಿನ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಮುಂದೆ ಒಂದು, ಹಿಂದೆ ಎರಡು, ಅಷ್ಟೇ. ಅಗಲದ ವಿಮಾನದಲ್ಲಿ ಬಾಗಿಲುಗಳ ಹತ್ತಿರ ಎರಡು ನಿಮಿಷ ನಿಂತು ಕಾಲು ಆಡಿಸಲು ಜಾಗ ಸಿಗುತ್ತದೆ, ಮಂಡಿ ನೋವಿನವರಿಗೆ ಇದು ಬಹಳ ದೊಡ್ಡದು. 787 ಮತ್ತು ಎ350ಗಳಲ್ಲಿ ಇನ್ನೊಂದು ಗುಣವೂ ಇದೆ. ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000 ಅಡಿ ಎತ್ತರದ ಬೆಟ್ಟದ ಮೇಲಿನ ಮಟ್ಟದಲ್ಲಿ ಇಡುತ್ತಾರೆ. ಹಳೆಯ ಮಾದರಿಗಳಲ್ಲಿ ಅದು 8,000 ಅಡಿಯವರೆಗೂ ಹೋಗುತ್ತದೆ. ಇವುಗಳಲ್ಲಿ ಗಾಳಿಯ ಒಣಗುವಿಕೆಯೂ ಸ್ವಲ್ಪ ಕಡಿಮೆ. ಹತ್ತು ಗಂಟೆಯ ಹಾರಾಟದಲ್ಲಿ ಪ್ರಾಯದವರಿಗೆ ಇದರಿಂದ ಆಯಾಸ ಕಡಿಮೆಯಾಗುತ್ತದೆ.

ಮಂಡಿಗೆ ಸಿಗುವ ಜಾಗದ ಲೆಕ್ಕ ಬೇರೆಯೇ. ಗೂಗಲ್ ಫ್ಲೈಟ್ಸ್ ಅದನ್ನೂ ಇಂಚಿನಲ್ಲಿ ತೋರಿಸುತ್ತದೆ, Average legroom ಎಂದು. ಆ ಅಂಕಿ ನಿಮ್ಮ ಮಂಡಿಗೂ ಎದುರಿನ ಸೀಟಿಗೂ ನಡುವಿನ ಅಂತರ ಎಂದುಕೊಳ್ಳಬೇಡಿ. ಒಂದು ಸೀಟಿನ ಬೆನ್ನಿನಿಂದ ಎದುರಿನ ಸೀಟಿನ ಬೆನ್ನಿನವರೆಗಿನ ಅಳತೆ ಅದು, ಸೀಟಿನ ದಪ್ಪವೂ ಅದರಲ್ಲಿ ಸೇರಿದೆ. ಕಡಿಮೆ ದರದ ಕಂಪೆನಿಗಳ ಸಣ್ಣ ವಿಮಾನದಲ್ಲಿ ಇದು 28, 29 ಇಂಚು ಇರುತ್ತದೆ. ದೂರದ ದಾರಿಯ ಅಗಲದ ವಿಮಾನಗಳಲ್ಲಿ ಹೆಚ್ಚಾಗಿ 31, 32. ಅಮ್ಮನಂಥವರಿಗೆ ಸೀಟಿನ ಅಗಲಕ್ಕಿಂತ ಈ ಮೂರು ಇಂಚು ಮುಖ್ಯ.

ಅಕ್ಷರ ನೋಡಿ ಸೀಟಿನ ಸಾಲು ತಿಳಿಯುವುದು

ಸಾಲಿಗೆ ಎಷ್ಟು ಸೀಟು ಎಂದು ತಿಳಿಯಲು ಸೀಟಿನ ನಕ್ಷೆ ನೋಡಬೇಕು. ಕಂಪೆನಿಯ ಸ್ವಂತ ವೆಬ್‌ಸೈಟಿನಲ್ಲಿ ಪ್ರಯಾಣಿಕರ ಹೆಸರು ತುಂಬಿ ಮುಂದೆ ಹೋದರೆ, ಹೆಚ್ಚಿನ ಕಡೆ ದುಡ್ಡು ಕಟ್ಟುವ ಪುಟಕ್ಕಿಂತ ಮೊದಲೇ ಸೀಟು ಆರಿಸುವ ಪುಟ ಬರುತ್ತದೆ. ಅದನ್ನು ನೋಡಿ ಫೋಟೋ ತೆಗೆದುಕೊಂಡು ಪುಟ ಮುಚ್ಚಿಬಿಡಬಹುದು, ದುಡ್ಡೇನೂ ಹೋಗುವುದಿಲ್ಲ. ಇನ್ನೊಂದು ದಾರಿ aerolopa.com. ಅಲ್ಲಿ ಕಂಪೆನಿಯ ಹೆಸರು ಆರಿಸಿದರೆ ಅದರ ವಿಮಾನಗಳ ನಕ್ಷೆ ಅಳತೆಗೆ ಸರಿಯಾಗಿ ಬಿಡಿಸಿದ್ದು ಸಿಗುತ್ತದೆ. ಕಿಟಕಿ ಎಲ್ಲಿದೆ, ಎಲ್ಲಿ ಇಲ್ಲ, ಶೌಚಾಲಯದ ಗೋಡೆ ಯಾವ ಸಾಲಿಗೆ ತಾಗಿದೆ ಎಲ್ಲ ಕಾಣುತ್ತದೆ. ಒಂದು ಎಚ್ಚರ: ಒಂದೇ ಕಂಪೆನಿಯ ಒಂದೇ ಮಾದರಿಗೆ ಎರಡು ಮೂರು ನಕ್ಷೆಗಳು ಇರಬಹುದು, ಏಕೆಂದರೆ ಕೆಲವು ವಿಮಾನಗಳ ಒಳಾಂಗಣ ಹೊಸದು, ಕೆಲವು ಹಳೆಯದು. ಆಗ ಕಂಪೆನಿಯ ಸೀಟು ಪುಟದ ಕೊನೆಯ ಸಾಲಿನ ಸಂಖ್ಯೆ ಯಾವ ನಕ್ಷೆಗೆ ಹೊಂದುತ್ತದೆ ಎಂದು ಹೋಲಿಸಿ ನೋಡಿದರೆ ಸರಿಯಾದದ್ದು ಸಿಕ್ಕಿಬಿಡುತ್ತದೆ.

ನಕ್ಷೆ ಸಿಗದಿದ್ದರೂ ಸೀಟಿನ ಅಕ್ಷರಗಳೇ ಸಾಕಷ್ಟು ಹೇಳುತ್ತವೆ. A ಯಾವಾಗಲೂ ಎಡಗಡೆಯ ಕಿಟಕಿ. ಒಂದೇ ನಡುದಾರಿಯ ಆರು ಸೀಟಿನ ಸಾಲಿನಲ್ಲಿ ಬಲಗಡೆಯ ಕಿಟಕಿ ಹೆಚ್ಚಾಗಿ F. ಬಲಗಡೆಯ ಕಿಟಕಿ K ಆಗಿದ್ದರೆ ಅದು ಹೆಚ್ಚಾಗಿ ಎರಡು ನಡುದಾರಿಯ ವಿಮಾನ. 1 ಎಂಬ ಅಂಕಿಯಂತೆ ಕಾಣುವ ಕಾರಣಕ್ಕೆ I ಅಕ್ಷರವನ್ನು ಬಳಸುವುದಿಲ್ಲ. 3-4-3 ಆದರೆ ABC, DEFG, HJK ಎಂದು ಹತ್ತು ಅಕ್ಷರ. 2-4-2 ಆದರೆ ಹೆಚ್ಚಿನ ಕಂಪೆನಿಗಳು AC, DEFG, HK ಎಂದು ಬರೆಯುತ್ತವೆ. ಕಿಟಕಿಗೂ ದಾರಿಗೂ ನಡುವೆ ಯಾರೂ ಇಲ್ಲವಾದ್ದರಿಂದ B ಮತ್ತು J ಬಿಟ್ಟುಹೋಗಿವೆ. ಇಬ್ಬರೇ ಹೋಗುವವರಿಗೆ B ಇಲ್ಲದ ಸಾಲು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಎ330ಗಳಲ್ಲಿ ಹೆಚ್ಚಾಗಿ ಇದೇ 2-4-2, ಸೀಟೂ 18 ಇಂಚಿನಷ್ಟು ಬರುತ್ತದೆ. ಅಲ್ಲಿ ಯಾರೇ ಎದ್ದರೂ ದಾಟಬೇಕಾದದ್ದು ಹೆಚ್ಚೆಂದರೆ ಒಬ್ಬರನ್ನು.

ಹತ್ತು ಸೀಟಿನ 777 ಬಂದರೂ ನಿರಾಶೆ ಬೇಡ. ಅದರ ಬಾಡಿ ಬಾಲದ ಕಡೆಗೆ ಕಿರಿದಾಗುತ್ತದೆ. ಹಾಗಾಗಿ ಹಲವು ಕಂಪೆನಿಗಳ 777ಗಳಲ್ಲಿ ಕೊನೆಯ ಎರಡು ಮೂರು ಸಾಲುಗಳು ಮಾತ್ರ 2-4-2 ಇರುತ್ತವೆ. ಕಿಟಕಿಯ ಪಕ್ಕ ಎರಡೇ ಸೀಟು, ಗೋಡೆಗೂ ಸೀಟಿಗೂ ನಡುವೆ ಒಂದು ಕೈಚೀಲ ಇಡುವಷ್ಟು ಜಾಗ. ಹಿಂದಿನ ಶೌಚಾಲಯದ ಸದ್ದು, ಇಳಿಯುವಾಗ ಕೊನೆಯವರಾಗುವುದು ಅದರ ಬೆಲೆ. ಮುಂದೆ ಇನ್ನೊಂದು ವಿಮಾನ ಹಿಡಿಯಲು ಎರಡು ಗಂಟೆಗಿಂತ ಕಡಿಮೆ ಇದ್ದರೆ ಪ್ರಾಯದವರನ್ನು ಅಲ್ಲಿ ಕೂರಿಸಬೇಡಿ.

ನಾವು ಎರಡನೆಯ ಸಲ ಮಾಡಿದ ಲೆಕ್ಕ

ನಮ್ಮ ಮುಂದೆ ಮೂರು ದಾರಿ ಇದ್ದವು. ಒಂದು, ಮೊದಲ ಸಲದ್ದೇ ಮುಂಬೈ ದಾರಿ, ಎಲ್ಲಕ್ಕಿಂತ ಅಗ್ಗ. ಏಳು ಗಂಟೆಯ ತುಂಡಿನ ಎದುರು ಈ ಸಲವೂ 32Q ಇತ್ತು, ಅದನ್ನು ಅಲ್ಲಿಗೇ ಬಿಟ್ಟೆವು. ಎರಡು, ಬೆಂಗಳೂರಿನಿಂದ ಕೊಲ್ಲಿಗೆ ನಾಲ್ಕು ಗಂಟೆ, ಅಲ್ಲಿಂದ ಲಂಡನ್ನಿಗೆ ಏಳೂವರೆ ಗಂಟೆ, ಎರಡೂ 77W. ನಕ್ಷೆ ತೆರೆದಾಗ ಹತ್ತು ಸೀಟಿನ ಸಾಲು. ಮೂರು, ಬೆಂಗಳೂರಿನಿಂದ ನೇರ ಲಂಡನ್, ಹತ್ತು ಗಂಟೆಗಿಂತ ಹೆಚ್ಚು, 789, ಸಾಲಿಗೆ ಒಂಬತ್ತು.

ಎರಡರಲ್ಲೂ ಸೀಟಿನ ಅಗಲ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಬೇರೆ ವಿಷಯ ನೋಡಬೇಕಾಯಿತು. ಕೊಲ್ಲಿಯಲ್ಲಿ ಇಳಿದರೆ ಅಪ್ಪನಿಗೆ ನಡುವೆ ಓಡಾಡಲು ಸಿಗುತ್ತದೆ, ಆದರೆ ಅದು ನಡುರಾತ್ರಿ, ಅಮ್ಮ ಗಾಲಿಕುರ್ಚಿಗೆ ಕಾಯಬೇಕು, ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕು. ನೇರ ಹೋದರೆ ಕೂರುವುದು ಹೆಚ್ಚು, ಹತ್ತಿ ಇಳಿಯುವುದು ಒಂದೇ ಸಲ, ಒಳಗಿನ ಗಾಳಿ ವಾಸಿ. ಇಬ್ಬರಿಗೂ ದಾರಿಯ ಪಕ್ಕದ ಸೀಟೇ ಸಿಕ್ಕಿದರೆ ನೇರ ದಾರಿಯೇ ಒಳ್ಳೆಯದು ಎಂದು ತೀರ್ಮಾನಿಸಿದೆವು. ದರ ಸ್ವಲ್ಪ ಹೆಚ್ಚಾಯಿತು, ಸೀಟು ಆರಿಸುವುದಕ್ಕೂ ಬೇರೆ ದುಡ್ಡು ಕೊಟ್ಟೆವು.

ಇಲ್ಲಿ ಅಮ್ಮನ ಮಂಡಿಯ ವಿಷಯ ಬಂತು. ಅವರಿಗೆ ಆಗಾಗ ಬಲಗಾಲನ್ನು ನೀಡಿಕೊಳ್ಳಬೇಕು. ದಾರಿ ಅವರ ಬಲಕ್ಕೆ ಇದ್ದರೆ ಮಾತ್ರ ಅದು ಸಾಧ್ಯ. C ಸೀಟಿನಲ್ಲಿ ಕೂತರೆ ದಾರಿ ಬಲಕ್ಕೆ. D ಸೀಟಿನಲ್ಲಿ ಕೂತರೆ ಎಡಕ್ಕೆ. ಹಾಗಾಗಿ ಅಮ್ಮನಿಗೆ 38C, ದಾರಿಯ ಆಚೆ ಅಪ್ಪನಿಗೆ 38D. ಇಬ್ಬರೂ ದಾರಿಯ ಪಕ್ಕದಲ್ಲೇ, ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುವಷ್ಟು ಹತ್ತಿರ. ಅಪ್ಪ ಎದ್ದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಮಂಡಿ ನೋವಿರುವ ಜೋಡಿಗೆ ಟಿಕೆಟ್ ತೆಗೆಯುವಾಗ ಯಾವ ಕಾಲು ಎಂದು ಮೊದಲು ಕೇಳಿ. ಎಡಗಾಲಾದರೆ D ಅಥವಾ H, ಬಲಗಾಲಾದರೆ C ಅಥವಾ ನಡುವಿನ ಗುಂಪಿನ ಕೊನೆಯ ಅಕ್ಷರ. ಸಣ್ಣ ವಿಮಾನಕ್ಕೂ ಇದೇ C ಮತ್ತು D ಲೆಕ್ಕ ನಡೆಯುತ್ತದೆ.

ಕಾಲಿಗೆ ಜಾಗ ಹೆಚ್ಚೆಂದು ತುರ್ತು ಬಾಗಿಲಿನ ಸಾಲನ್ನು ಪ್ರಾಯದವರಿಗೆ ತೆಗೆಯಬೇಡಿ. ಬಾಗಿಲು ತೆರೆಯಲು ಶಕ್ತರಾದವರನ್ನೇ ಅಲ್ಲಿ ಕೂರಿಸಬೇಕೆಂಬ ನಿಯಮವಿದೆ. ದುಡ್ಡು ಕೊಟ್ಟಿದ್ದರೂ ವಿಮಾನದೊಳಗೆ ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ. ಗೋಡೆಯ ಎದುರಿನ ಮೊದಲ ಸಾಲು ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ಊಟದ ಹಲಗೆ ಕೈಯಾಸರೆಯೊಳಗೆ ಇರುವುದರಿಂದ ಸೀಟು ಇನ್ನಷ್ಟು ಕಿರಿದಾಗುತ್ತದೆ, ಕೈಯಾಸರೆ ಮೇಲೆತ್ತಲಿಕ್ಕೂ ಆಗುವುದಿಲ್ಲ. ಔಷಧಿಯ ಚೀಲವನ್ನು ವಿಮಾನ ಏರುವಾಗ, ಇಳಿಯುವಾಗ ಕಾಲಬುಡದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೈಮಗುವಿನ ತೊಟ್ಟಿಲು ಹಾಕುವುದೂ ಆ ಸಾಲಿನ ಎದುರಿನ ಗೋಡೆಗೇ.

ಅದೇ ವಿಮಾನ ನಿಜವಾಗಿ ಹಾರುತ್ತಿದೆಯೇ

ಬುಕಿಂಗ್ ಪುಟ ತೋರಿಸುವುದು ಕಂಪೆನಿಯ ಯೋಜನೆ. ದಿನವೂ ಹಾರುತ್ತಿರುವುದು ಯಾವುದು ಎಂದು ನೋಡಲು flightradar24.com ಇದೆ. ಅಲ್ಲಿ ಹಾರಾಟದ ಸಂಖ್ಯೆ ಕೊಟ್ಟರೆ ಹಿಂದಿನ ಕೆಲವು ದಿನಗಳ ಪಟ್ಟಿ ಬರುತ್ತದೆ, ಪ್ರತಿ ದಿನದ ಎದುರು ವಿಮಾನದ ಮಾದರಿ. ಜೊತೆಗಾರ ಕಂಪೆನಿ ಹಾರಿಸುವುದಾದರೆ ಅವರ ಸಂಖ್ಯೆಯನ್ನೇ ಕೊಡಬೇಕು. ಇಲ್ಲಿನ ಕೋಡ್ ಏಜೆಂಟರದ್ದಕ್ಕಿಂತ ಬೇರೆ, ನಾಲ್ಕು ಅಕ್ಷರದ್ದು: 32Q ಇಲ್ಲಿ A21N, 7M8 ಇಲ್ಲಿ B38M, 77W ಇಲ್ಲಿ B77W, 359 ಇಲ್ಲಿ A359. ಏಳು ದಿನವೂ ಒಂದೇ ಮಾದರಿ ಇದ್ದರೆ ನಂಬಬಹುದು. ನಾಲ್ಕು ದಿನ ಒಂದು, ಮೂರು ದಿನ ಇನ್ನೊಂದು ಇದ್ದರೆ ವಾರಕ್ಕೆ ಹೊಂದಿಸಿ ನೋಡಿ. ಕೆಲವು ಕಂಪೆನಿಗಳು ಮಂಗಳವಾರಕ್ಕೆ ಒಂದು, ಶನಿವಾರಕ್ಕೆ ಇನ್ನೊಂದು ಎಂದು ಕಳಿಸುತ್ತವೆ. ದಿನ ಬದಲಿಸಿದರೆ ನಿಮಗೆ ಬೇಕಾದ ವಿಮಾನ ಸಿಗಬಹುದು.

ಇದಕ್ಕೊಂದು ಮಿತಿ ಇದೆ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತದೆ. ಜನವರಿಯಲ್ಲಿ ಕೂತು ಜೂನಿನ ಟಿಕೆಟ್ ತೆಗೆಯುವವರು ಈಗ ಹಾರುತ್ತಿರುವ ವಿಮಾನವನ್ನು ನೋಡಿದರೆ ಅದು ಚಳಿಗಾಲದ ಪಟ್ಟಿಯದು. ಆಗ ಹಿಂದಿನ ವಾರದ ದಾಖಲೆಗಿಂತ ಜೂನ್ ತಿಂಗಳ ದಿನಾಂಕ ಹಾಕಿ ಬಂದ ಬುಕಿಂಗ್ ಪುಟವನ್ನೇ ಹೆಚ್ಚು ನಂಬಿ.

ಟಿಕೆಟ್ ಆದ ಮೇಲೆ

ಇಂಥದೇ ವಿಮಾನ ಕೊಡುತ್ತೇವೆ ಎಂದು ಯಾವ ಕಂಪೆನಿಯೂ ಮಾತು ಕೊಡುವುದಿಲ್ಲ. ಟಿಕೆಟಿನ ಷರತ್ತುಗಳಲ್ಲೇ ಮಾದರಿ ಬದಲಾಗಬಹುದು ಎಂದು ಬರೆದಿರುತ್ತದೆ, ಅದಕ್ಕಾಗಿ ಪರಿಹಾರ ಕೇಳಿ ಉಪಯೋಗವಿಲ್ಲ. ಆದರೆ ಬದಲಾದದ್ದು ನಿಮಗೆ ಬೇಗ ಗೊತ್ತಾದರೆ ಒಳ್ಳೆಯ ಸೀಟು ಉಳಿದಿರುವಾಗಲೇ ಹಿಡಿಯಬಹುದು. ನಾನು ಹೊರಡುವ ಒಂದು ತಿಂಗಳ ಮೊದಲು, ಹತ್ತು ದಿನ ಮೊದಲು, ಮತ್ತೆ ವೆಬ್ ಚೆಕ್‌ಇನ್ ತೆರೆದೊಡನೆ ಪಿಎನ್‌ಆರ್ ಹಾಕಿ ಸೀಟಿನ ನಕ್ಷೆ ನೋಡುತ್ತೇನೆ. ಇಮೇಲ್ ಬಂದೇ ಬರುತ್ತದೆ ಎಂದು ಕಾಯಬೇಡಿ. ಹೊರಡುವ ಸಮಯ ಬದಲಾದರೆ ತಿಳಿಸುತ್ತಾರೆ, ವಿಮಾನ ಮಾತ್ರ ಬದಲಾದರೆ ಎಷ್ಟೋ ಸಲ ತಿಳಿಸುವುದಿಲ್ಲ.

ಬದಲಾದದ್ದರ ಗುರುತು ನಕ್ಷೆಯಲ್ಲೇ ಸಿಗುತ್ತದೆ. H, J, K ಕಾಣದಿದ್ದರೆ ಎರಡು ನಡುದಾರಿಯ ಜಾಗಕ್ಕೆ ಒಂದು ನಡುದಾರಿಯ ವಿಮಾನ ಬಂದಿದೆ. ನೀವು ಆರಿಸಿದ ಸೀಟಿನ ಸಂಖ್ಯೆ ತಾನಾಗಿ ಬೇರೆಯಾಗಿದ್ದರೂ ಹೆಚ್ಚಾಗಿ ವಿಮಾನ ಬದಲಾಗಿದೆ ಎಂದೇ ಅರ್ಥ. ನಮಗೆ ಆದದ್ದು ಇದಕ್ಕಿಂತ ಸೂಕ್ಷ್ಮ. ಹತ್ತು ದಿನ ಇರುವಾಗ ನೋಡಿದರೆ ಸೀಟು 38C, 38D ಹಾಗೇ ಇದ್ದವು, ಅಕ್ಷರಗಳೂ ಅವೇ. ಕೊನೆಯ ಸಾಲಿನ ಸಂಖ್ಯೆ ಮಾತ್ರ ಚಿಕ್ಕದಾಗಿತ್ತು. ಉದ್ದದ 789ರ ಬದಲು ಗಿಡ್ಡದ 788 ಹಾಕಿದ್ದರು. ಮೊದಲಿನ ನಕ್ಷೆಯಲ್ಲಿ ನಡುವೆ ಇದ್ದ 38ನೇ ಸಾಲು ಹೊಸದರಲ್ಲಿ ಹಿಂದಿನ ಶೌಚಾಲಯದ ಗೋಡೆಗೆ ಆನಿಕೊಂಡಿತ್ತು. ಆ ಸಾಲಿನ ಸೀಟಿನ ಬೆನ್ನು ಹಿಂದಕ್ಕೆ ಬಾಗುವುದೂ ಕಡಿಮೆ.

ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿ "ವಿಮಾನ ಬದಲಾಗಿದೆ, ದುಡ್ಡು ಕೊಟ್ಟು ಆರಿಸಿದ ಸೀಟಿನ ಜಾಗವೇ ಬೇರೆಯಾಗಿದೆ, ಅಮ್ಮನ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ, ದಾರಿ ಬಲಕ್ಕೆ ಬರುವ ಸೀಟೇ ಬೇಕು" ಎಂದು ಹೇಳಿದೆ. ಖಾಲಿ ಇರುವ ಸೀಟಿನ ಸಂಖ್ಯೆಯನ್ನು ನಕ್ಷೆ ನೋಡಿ ಮೊದಲೇ ಬರೆದಿಟ್ಟುಕೊಂಡಿದ್ದೆ, ಅದರಿಂದ ಮಾತು ಬೇಗ ಮುಗಿಯಿತು. 31C, 31D ಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಹಾಗೆ ಸೀಟು ಸಿಗದಿದ್ದರೆ ಸೀಟಿಗೆ ಕೊಟ್ಟ ದುಡ್ಡನ್ನು ವಾಪಸ್ ಕೇಳಿ, ಹಳೆಯ ನಕ್ಷೆಯ ಫೋಟೋ ಆಗ ಉಪಯೋಗಕ್ಕೆ ಬರುತ್ತದೆ.

ಹೊರಡುವ ದಿನ ಸಂಜೆ ಅಪ್ಪನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇಟ್ಟೆ. ಅದರಲ್ಲಿ 31D ಎಂದೂ, ಶೌಚಾಲಯ ಎಷ್ಟು ಸಾಲು ಮುಂದೆ, ಎಷ್ಟು ಸಾಲು ಹಿಂದೆ ಎಂದೂ ಬರೆದಿದ್ದೆ. ಮರುದಿನ ತಂಗಿಯ ಮನೆಯಿಂದ ಫೋನ್ ಮಾಡಿದಾಗ ಅಪ್ಪ ಮೊದಲು ಹೇಳಿದ್ದು, ಈ ಸಲ ಹೊಟ್ಟೆ ತುಂಬ ನೀರು ಕುಡಿದೆ ಎಂದು.